ಗದ್ದೆಯ ಕಂದುಗಪ್ಪೆಗೆ ಫೋಟೊ ನೋಡಿ ಹೆಸರು ಹೇಳಲು ಏಕೆ ಆಗುವುದಿಲ್ಲ?

ಪ್ರಶ್ನೆ: ನಮ್ಮದು ಕೊಪ್ಪದ ಹತ್ತಿರದ ಹಳ್ಳಿ. ಮಳೆ ಹಿಡಿದ ಮೇಲೆ ಗದ್ದೆಯ ಅಂಚಿನಲ್ಲಿ ಮತ್ತು ಮನೆಯ ಅಂಗಳದಲ್ಲಿ ಕಂಡ ಕಪ್ಪೆಗಳ ಫೋಟೊಗಳನ್ನು ಬಲ್ಲವರಿಗೆ ಕಳುಹಿಸಿದೆ. ಅಂಗಳದ್ದಕ್ಕೆ ತಕ್ಷಣ ಹೆಸರು ಬಂತು. ಗದ್ದೆಯ ಸಣ್ಣ ಕಂದುಗಪ್ಪೆಗಳಿಗೆ ಮಾತ್ರ ‘ಮಿನರ್ವಾರ್ಯ ಕುಲದ್ದು, ಕೂಗು ಇದ್ದರೆ ಕಳುಹಿಸಿ’ ಎಂದರು. ಚರ್ಮದ ಒಂದೊಂದು ಗುಳ್ಳೆಯೂ ಕಾಣುವಷ್ಟು ಸ್ಪಷ್ಟವಾದ ಫೋಟೊ ಇರುವಾಗ ಕೂಗು ಏಕೆ ಬೇಕು? ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಸಾಕೇ?

ಉತ್ತರ: ನಿಮಗೆ ಬಂದ ಉತ್ತರ ಸರಿಯಾಗಿಯೇ ಇದೆ. ‘ಮಿನರ್ವಾರ್ಯ’ ಎಂದು ನಿಲ್ಲಿಸಿದವರು ಫೋಟೊದಲ್ಲಿ ಎಷ್ಟು ಮಾಹಿತಿ ಇದೆಯೋ ಅಷ್ಟನ್ನೇ ಹೇಳಿದ್ದಾರೆ. ಮುಂದಕ್ಕೆ ಹೋಗಿ ಪ್ರಭೇದದ ಹೆಸರನ್ನೂ ಹೇಳಿದ್ದರೆ ಅದು ಊಹೆಯಾಗುತ್ತಿತ್ತು.

ಮೊದಲು ಅಂಗಳದ ಫೋಟೊ ನೋಡೋಣ. ಅದು ನಮ್ಮೆಲ್ಲರ ಮನೆಯ ಸುತ್ತ ದೀಪದ ಹುಳು ತಿನ್ನಲು ಬರುವ ನೆಲಗಪ್ಪೆ, ಡಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್. ತಲೆಯ ಮೇಲೆ ಮೂಗಿನಿಂದ ಕಣ್ಣಿನ ಸುತ್ತ ಹಾದುಹೋಗುವ ಮೂಳೆಯ ಏಣುಗಳು, ಆ ಏಣುಗಳ ಮೇಲೆ ಕಾಡಿಗೆ ಎಳೆದಂತಹ ಕಪ್ಪು ಅಂಚು, ಕಣ್ಣಿನ ಹಿಂದೆ ಉಬ್ಬಿದ ಉದ್ದನೆಯ ವಿಷಗ್ರಂಥಿ, ತುದಿ ಕಪ್ಪಾದ ಗುಳ್ಳೆಗಳು. ಇವೆಲ್ಲ ಮೇಲಿನಿಂದ ತೆಗೆದ ಒಂದೇ ಫೋಟೊದಲ್ಲಿ ಕಾಣುತ್ತವೆ. ಬಣ್ಣ ಬದಲಾದರೂ ಬೆಳೆದ ಕಪ್ಪೆಯ ತಲೆಯ ಮೇಲಿನ ಏಣು ಎಲ್ಲಿಗೂ ಹೋಗುವುದಿಲ್ಲ. ಗುರುತಿಸುವ ಲಕ್ಷಣ ಹೊರಗೇ ಇದ್ದು ಅದು ಬದಲಾಗದಿದ್ದರೆ ಫೋಟೊ ಸಾಕು.

ಗದ್ದೆಯ ಫೋಟೊಗಳಲ್ಲಿ ಈ ಎರಡೂ ಅನುಕೂಲಗಳಿಲ್ಲ. ಕುಲವನ್ನು ಗುರುತಿಸಿದ್ದು ಹೀಗೆ: ಬೆರಳ ತುದಿಯಲ್ಲಿ ಅಗಲವಾದ ತಟ್ಟೆಗಳಿಲ್ಲ, ಆದ್ದರಿಂದ ಮರಗಪ್ಪೆಯಲ್ಲ. ಕಣ್ಣಿನ ಹಿಂದೆ ವಿಷಗ್ರಂಥಿಯ ಉಬ್ಬಿಲ್ಲ, ಆದ್ದರಿಂದ ನೆಲಗಪ್ಪೆಯೂ ಅಲ್ಲ. ಬೆನ್ನಿನ ಮೇಲೆ ಉದ್ದುದ್ದ ಮಡಿಕೆಗಳಿವೆ. ನೀವು ಅಂಗೈಯಲ್ಲಿ ಮಗುಚಿ ತೆಗೆದ ಒಂದು ಚಿತ್ರದಲ್ಲಿ ಕಂಕುಳಿನಿಂದ ತೊಡೆಯ ಬುಡದವರೆಗೆ ಹೊಟ್ಟೆಯ ಪಕ್ಕದಲ್ಲಿ ಹಾದುಹೋಗುವ ಒಂದು ಸಣ್ಣ ಗೆರೆಯೂ ಕಾಣುತ್ತದೆ. ಈ ಗೆರೆ ಮಿನರ್ವಾರ್ಯ ಮತ್ತು ಅದರ ಹತ್ತಿರದ ಸಂಬಂಧಿ ಫೆಜೆರ್ವಾರ್ಯ ಕುಲಗಳ ಗುರುತು. ಅದೊಂದು ಚಿತ್ರ ಇರದಿದ್ದರೆ ಕುಲದ ಹೆಸರನ್ನೂ ಇಷ್ಟು ಧೈರ್ಯದಿಂದ ಹೇಳಲು ಆಗುತ್ತಿರಲಿಲ್ಲ.

ಇಲ್ಲಿಂದ ಮುಂದೆ ದಾರಿ ಕಿರಿದಾಗುತ್ತದೆ. ನಿಮ್ಮ ಚಿತ್ರಗಳಲ್ಲಿ ಒಂದು ಕಪ್ಪೆಗೆ ಬೆನ್ನಿನ ನಡುವೆ ತಿಳಿಹಳದಿ ಪಟ್ಟೆ ಇದೆ, ಇನ್ನೊಂದಕ್ಕೆ ಇಲ್ಲ. ನೋಡಿದ ಯಾರಿಗಾದರೂ ಇವು ಎರಡು ಜಾತಿ ಅನ್ನಿಸುತ್ತದೆ. ಆದರೆ ಈ ಗುಂಪಿನಲ್ಲಿ ಒಂದೇ ಪ್ರಭೇದದ, ಒಂದೇ ಗದ್ದೆಯ ಕಪ್ಪೆಗಳಲ್ಲೂ ಕೆಲವಕ್ಕೆ ಪಟ್ಟೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಮೈಬಣ್ಣವಂತೂ ಹಗಲು ರಾತ್ರಿಗೆ, ಕೂತ ಮಣ್ಣಿನ ಒದ್ದೆಗೆ ತಕ್ಕಂತೆ ಗಾಢವೂ ತಿಳಿಯೂ ಆಗುತ್ತದೆ. ಅಂದರೆ ಕಣ್ಣಿಗೆ ಎದ್ದು ಕಾಣುವ ವ್ಯತ್ಯಾಸಕ್ಕೆ ಇಲ್ಲಿ ಬೆಲೆ ಕಡಿಮೆ. ಬೆಲೆಯಿರುವ ವ್ಯತ್ಯಾಸಗಳು ಬೇರೆ: ಹಿಂಗಾಲಿನ ಜಾಲಪೊರೆ ಬೆರಳಿನ ಯಾವ ಗೆಣ್ಣಿನವರೆಗೆ ಬಂದಿದೆ, ಪಾದದ ಅಡಿಯಲ್ಲಿರುವ ಗುಬುಟು ಎಷ್ಟು ದೊಡ್ಡದು, ತಲೆಯ ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ ಎಷ್ಟು. ಇವು ಕುಳಿತ ಕಪ್ಪೆಯ ಫೋಟೊದಲ್ಲಿ ಕಾಣುವುದೇ ಇಲ್ಲ. ಕಂಡರೂ ಹತ್ತಿರದಿಂದ ತೆಗೆದ ಮೊಬೈಲ್ ಚಿತ್ರ ಮೂತಿಯನ್ನು ಉಬ್ಬಿಸಿ ಹಿಂಭಾಗವನ್ನು ಕುಗ್ಗಿಸುವುದರಿಂದ ಅದರ ಮೇಲೆ ಅಳತೆ ಹಿಡಿಯುವಂತಿಲ್ಲ. ಅಳತೆ ಹಿಡಿದರೂ ಹತ್ತಿರದ ಪ್ರಭೇದಗಳ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ.

ನಿಮ್ಮ ಸೀಮೆಯಲ್ಲಿ ಇದು ಬರಿಯ ಸಾಧ್ಯತೆಯಲ್ಲ. ಜಪಾನಿನ ಮಿತ್ಸುರು ಕುರಾಮೊಟೊ, ನಮ್ಮವರೇ ಆದ ಹರೀಶ್ ಜೋಶಿ ಮತ್ತು ಸಂಗಡಿಗರು ಮಧ್ಯ ಪಶ್ಚಿಮ ಘಟ್ಟದ ಈ ಗುಂಪಿನ ಕಪ್ಪೆಗಳನ್ನು ಅಧ್ಯಯನ ಮಾಡಿ, 2007ರಲ್ಲಿ ಒಂದೇ ಲೇಖನದಲ್ಲಿ ನಾಲ್ಕು ಹೊಸ ಪ್ರಭೇದಗಳನ್ನು ವಿವರಿಸಿದರು. ಕುದುರೆಮುಖೆನ್ಸಿಸ್, ಮುದ್ದುರಾಜ, ಕಾಪೆರಾಟಾ ಮತ್ತು ಗ್ರನೋಸಾ. ಆಗ ಇವನ್ನು ಫೆಜೆರ್ವಾರ್ಯ ಕುಲದಲ್ಲಿ ಇಟ್ಟಿದ್ದರು, ಈಗ ಮಿನರ್ವಾರ್ಯದಲ್ಲಿವೆ. ನಾಲ್ಕೂ ‘ಮರೆಯಲ್ಲಿದ್ದ ಪ್ರಭೇದಗಳು’ ಎಂದೇ ಲೇಖನದ ತಲೆಬರಹ ಹೇಳುತ್ತದೆ. ದಿನವೂ ಜನ ಓಡಾಡುವ ಜಾಗಗಳಲ್ಲೇ ಅವು ಮರೆಯಲ್ಲಿ ಉಳಿದದ್ದಕ್ಕೆ ಕಾರಣ ಒಂದೇ: ನೋಡಲು ಎಲ್ಲವೂ ‘ಗದ್ದೆಯ ಸಣ್ಣ ಕಂದುಗಪ್ಪೆ’ಗಳೇ. ದೇಹದ ಅಳತೆಯ ಜೊತೆಗೆ ಕೂಗಿನ ರಚನೆ ಮತ್ತು ಡಿಎನ್ಎ ಎರಡನ್ನೂ ಇಟ್ಟು ನೋಡಿದಾಗ ಗುಂಪು ಬಿಡಿಬಿಡಿಯಾಯಿತು. ಕೊಪ್ಪ ಇರುವುದು ಇದೇ ಮಧ್ಯ ಘಟ್ಟದಲ್ಲಿ. ನಿಮ್ಮ ಒಂದು ಗದ್ದೆಯಲ್ಲಿ ಎರಡು ಪ್ರಭೇದಗಳು ಒಟ್ಟಿಗೆ ಇರುವುದು ಅಚ್ಚರಿಯ ಮಾತಲ್ಲ.

ಕೂಗು ಹೇಗೆ ಇದನ್ನು ಬಿಡಿಸುತ್ತದೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಮಳೆಗಾಲದ ರಾತ್ರಿ ಕೇಳುವ ವಟಗುಟ್ಟುವಿಕೆಯಲ್ಲಿ ಬಹುಪಾಲು ಗಂಡುಗಳು ಹೆಣ್ಣುಗಳನ್ನು ಕರೆಯುವ ಕೂಗು. ಕತ್ತಲಲ್ಲಿ, ಕೆಸರಿನಲ್ಲಿ, ಹತ್ತಾರು ಗಂಡುಗಳ ನಡುವೆ ಹೆಣ್ಣು ತನ್ನ ಪ್ರಭೇದದ ಗಂಡನ್ನು ಆರಿಸುವುದು ಮುಖ್ಯವಾಗಿ ಕಿವಿಯಿಂದ. ತಪ್ಪು ಗಂಡಿನ ಬಳಿ ಹೋದರೆ ಆ ಸಲದ ಮೊಟ್ಟೆಗಳೆಲ್ಲ ವ್ಯರ್ಥವಾಗಬಹುದು. ಹಾಗಾಗಿ ಒಂದೇ ನೀರಿನಲ್ಲಿ ಬಾಳುವ ಪ್ರಭೇದಗಳ ಮೈಬಣ್ಣ ಒಂದೇ ಇದ್ದರೂ ಅವುಗಳ ಕೂಗು ಸ್ಪಷ್ಟವಾಗಿ ಬೇರೆಯಾಗಿರುತ್ತದೆ. ನಾವು ಫೋಟೊ ನೋಡುವಾಗ ಕಪ್ಪೆಗೇ ಅಷ್ಟಾಗಿ ಬೇಡದ ಗುರುತನ್ನು ನೋಡುತ್ತಿರುತ್ತೇವೆ. ಕೂಗು ಕೇಳುವಾಗ ಕಪ್ಪೆಗಳೇ ಬಳಸುವ ಗುರುತನ್ನು ಬಳಸುತ್ತೇವೆ.

ಇದನ್ನು ಅತ್ಯಂತ ಚೆನ್ನಾಗಿ ಅಳೆದು ತೋರಿಸಿದ ಉದಾಹರಣೆ ಇರುವುದು ಉತ್ತರ ಅಮೆರಿಕದ ಪೂರ್ವಾರ್ಧದಲ್ಲಿ. ಅಲ್ಲಿನ ಬೂದು ಮರಗಪ್ಪೆಗಳಲ್ಲಿ ಹೈಲಾ ವರ್ಸಿಕಲರ್ ಮತ್ತು ಹೈಲಾ ಕ್ರೈಸೋಸೆಲಿಸ್ ಎಂಬ ಎರಡು ಪ್ರಭೇದಗಳಿವೆ. ಅಲ್ಲಿ ನೆಲೆಸಿರುವ ಕನ್ನಡಿಗರ ಹಿತ್ತಿಲಲ್ಲೂ ಇವು ಕೂಗುತ್ತಿರಬಹುದು. ಎರಡಕ್ಕೂ ಮರದ ತೊಗಟೆಯಂತಹ ಬೆನ್ನು, ಎರಡಕ್ಕೂ ತೊಡೆಯ ಒಳಭಾಗದಲ್ಲಿ ಹಳದಿ ಬಣ್ಣ, ಎರಡೂ ಬೂದಿನಿಂದ ಹಸಿರಿಗೆ ತಿರುಗಬಲ್ಲವು. ಫೋಟೊ ನೋಡಿ ಇವನ್ನು ನಂಬುವಂತೆ ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಒಳಗಿನ ವ್ಯತ್ಯಾಸ ಮಾತ್ರ ದೊಡ್ಡದು: ಕ್ರೈಸೋಸೆಲಿಸ್‌ನ ಜೀವಕೋಶದಲ್ಲಿ 24 ವರ್ಣತಂತುಗಳಿದ್ದರೆ ವರ್ಸಿಕಲರ್‌ನಲ್ಲಿ ಅದರ ಎರಡರಷ್ಟು, 48. ಇದು ತಿಳಿದದ್ದು 1970ರಲ್ಲಿ. ಆದರೆ ಅದಕ್ಕಿಂತ ಮೊದಲೇ ಎರಡು ಬಗೆಯ ಕೂಗುಗಳನ್ನು ಕೇಳಿದವರು ಇವು ಒಂದೇ ಅಲ್ಲ ಎಂದು ವಾದಿಸಿದ್ದರು.

ಎರಡರ ಕೂಗೂ ನಡುಗುವ ಒಂದು ‘ಟ್ರ್‌ರ್‌ರ್’. ಮೊದಲು ಕೇಳಿದಾಗ ಒಂದೇ ಎನ್ನಿಸುತ್ತದೆ, ಅದರಲ್ಲೂ ಸ್ವರದ ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಸುಮಾರು 2.2 ಕಿಲೋಹರ್ಟ್ಸ್ ಸುತ್ತಮುತ್ತ. ಕೂಗನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಅದು ಒಂದರ ಹಿಂದೊಂದು ಬರುವ ಪುಟ್ಟ ಮಿಡಿತಗಳ ಸಾಲು ಎಂದು ತಿಳಿಯುತ್ತದೆ. ವ್ಯತ್ಯಾಸ ಇರುವುದು ಆ ಮಿಡಿತಗಳ ವೇಗದಲ್ಲಿ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ವರ್ಸಿಕಲರ್ ಸೆಕೆಂಡಿಗೆ ಸುಮಾರು 20–25 ಮಿಡಿತ ಹೊರಡಿಸಿದರೆ ಕ್ರೈಸೋಸೆಲಿಸ್ ಸುಮಾರು 40–50 ಹೊರಡಿಸುತ್ತದೆ. ವರ್ಸಿಕಲರ್‌ನ ಕೂಗು ಸಾವಧಾನವಾಗಿ, ಇಂಪಾಗಿ ಕೇಳುತ್ತದೆ. ಕ್ರೈಸೋಸೆಲಿಸ್‌ನದು ಬಿರುಸು, ಒರಟು.

ಒಂದು ಲೆಕ್ಕ ಮಾಡಿ ನೋಡೋಣ. ರಾತ್ರಿ ರೆಕಾರ್ಡ್ ಮಾಡಿದ ಒಂದು ಕೂಗಿನಲ್ಲಿ 18 ಮಿಡಿತಗಳಿವೆ ಎನ್ನಿ. ಮೊದಲ ಮಿಡಿತ ಶುರುವಾದಲ್ಲಿಂದ ಕೊನೆಯ ಮಿಡಿತ ಶುರುವಾಗುವವರೆಗೆ 0.8 ಸೆಕೆಂಡು ಹಿಡಿದಿದೆ. 18 ಮಿಡಿತಗಳ ನಡುವೆ 17 ಅಂತರಗಳು, ಆದ್ದರಿಂದ 17ನ್ನು 0.8ರಿಂದ ಭಾಗಿಸಬೇಕು. ಸೆಕೆಂಡಿಗೆ 21ಕ್ಕಿಂತ ತುಸು ಹೆಚ್ಚು. ಕಪ್ಪೆ ಕೂತಲ್ಲಿ ಉಷ್ಣತೆ 20 ಡಿಗ್ರಿ ಇತ್ತು ಎಂದು ಬರೆದಿಟ್ಟಿದ್ದರೆ ಇದು ವರ್ಸಿಕಲರ್, ಅನುಮಾನವಿಲ್ಲ.

ಉಷ್ಣತೆ ಬರೆದಿಡದೆ ಹೋಗಿದ್ದರೆ? ಕಪ್ಪೆ ಶೀತರಕ್ತದ ಪ್ರಾಣಿ. ಮೈ ತಣ್ಣಗಾದಷ್ಟೂ ಕೂಗಿನ ಸ್ನಾಯುಗಳು ನಿಧಾನ. ಸೆಕೆಂಡಿಗೆ ಸುಮಾರು 30 ಮಿಡಿತದ ಕೂಗು ಚಳಿ ರಾತ್ರಿಯ ಕ್ರೈಸೋಸೆಲಿಸ್‌ನದೂ ಇರಬಹುದು, ಬೆಚ್ಚಗಿನ ರಾತ್ರಿಯ ವರ್ಸಿಕಲರ್‌ನದೂ ಇರಬಹುದು. ಎಷ್ಟೇ ಶುದ್ಧವಾದ ರೆಕಾರ್ಡಿಂಗ್ ಆದರೂ ಉಷ್ಣತೆಯಿಲ್ಲದೆ ಅದು ಅರ್ಧ ಸಾಕ್ಷಿ. ಹೆಣ್ಣು ಕಪ್ಪೆ ಇಲ್ಲಿ ಮೋಸಹೋಗುವುದಿಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಕಪ್ಪೆಗಳ ಕೂಗನ್ನು ಅಧ್ಯಯನ ಮಾಡಿದ ವಿಜ್ಞಾನಿ ಕಾರ್ಲ್ ಗೆರ್ಹಾರ್ಟ್ ಅವರ ಪ್ರಯೋಗಗಳಲ್ಲಿ ವರ್ಸಿಕಲರ್ ಹೆಣ್ಣಿನ ಮೈಯ ಉಷ್ಣತೆ ಬದಲಾದಂತೆ ಅದು ಇಷ್ಟಪಡುವ ಮಿಡಿತದ ವೇಗವೂ ಬದಲಾಯಿತು. ಗಂಡು ಹೆಣ್ಣು ಒಂದೇ ಹವೆಯಲ್ಲಿ ಇರುವುದರಿಂದ ಕೂಗೂ ಕಿವಿಯೂ ಒಟ್ಟಿಗೆ ನಿಧಾನವಾಗುತ್ತವೆ, ಒಟ್ಟಿಗೆ ಚುರುಕಾಗುತ್ತವೆ. ನಮಗೆ ಆ ಅನುಕೂಲವಿಲ್ಲ, ಥರ್ಮಾಮೀಟರ್ ಬೇಕು.

ಈ ಉದಾಹರಣೆಯಿಂದ ನಿಮ್ಮ ಗದ್ದೆಗೆ ತರಬೇಕಾದದ್ದು ಅಂಕಿಗಳನ್ನಲ್ಲ, ಏನನ್ನು ಅಳೆಯಬೇಕು ಎಂಬುದನ್ನು. ಒಂದು ಕೂಗಿನಲ್ಲಿ ಎಷ್ಟು ಬಿಡಿ ಸ್ವರಗಳು, ಒಂದು ಸ್ವರದೊಳಗೆ ಎಷ್ಟು ಮಿಡಿತಗಳು, ಮಿಡಿತಗಳ ವೇಗ ಎಷ್ಟು, ಸ್ವರಗಳ ನಡುವಿನ ಬಿಡುವು ಎಷ್ಟು, ಹೆಚ್ಚು ಶಕ್ತಿ ಯಾವ ಎತ್ತರದ ಧ್ವನಿಯಲ್ಲಿದೆ. ಘಟ್ಟದ ಕಪ್ಪೆಗಳ ವಿವರಣೆಗಳಲ್ಲಿ ಕೊಟ್ಟಿರುವುದೂ ಇವೇ. ಧ್ವನಿಯ ಎತ್ತರಕ್ಕೆ ಮೈಯ ಗಾತ್ರದೊಡನೆ ನಂಟಿದೆ, ದೊಡ್ಡ ಗಂಡಿನ ಕೂಗು ಸಾಮಾನ್ಯವಾಗಿ ತಗ್ಗು ಸ್ವರದ್ದು. ಆದ್ದರಿಂದ ಎತ್ತರವೊಂದನ್ನೇ ನೆಚ್ಚಬೇಡಿ. ಮಿಡಿತಗಳ ಜೋಡಣೆಗೆ ಹೆಚ್ಚು ತೂಕ ಕೊಡಿ.

ಮೊಬೈಲ್ ಸಾಕೇ ಎಂದು ಕೇಳಿದ್ದೀರಿ. ಸಾಕು, ಎರಡು ವಿಷಯ ಸರಿಪಡಿಸಿಕೊಂಡರೆ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಕಡತದ ಬಗೆಯನ್ನು .wav ಎಂದು ಆರಿಸಿಕೊಳ್ಳಿ, ಸೆಕೆಂಡಿಗೆ 44,100 ಮಾದರಿಗಳ ಮಟ್ಟ ಇರಲಿ. ಸದ್ದು ತಗ್ಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ, ಏಕೆಂದರೆ ಅದು ಮನುಷ್ಯರ ಮಾತನ್ನು ಉಳಿಸಿ ಒಂದೇ ಸಮನೆ ಬರುವ ಸದ್ದನ್ನು ಅಳಿಸಲು ಮಾಡಿದ್ದು. ಕಪ್ಪೆಯ ಕೂಗನ್ನೇ ಅದು ಗದ್ದಲವೆಂದು ತಿಳಿದು ಕತ್ತರಿಸುತ್ತದೆ. ಮೆಸೇಜಿಂಗ್ ಆ್ಯಪ್‌ನಲ್ಲಿ ‘ಧ್ವನಿ ಸಂದೇಶ’ವಾಗಿ ಒತ್ತಿ ಹಿಡಿದು ರೆಕಾರ್ಡ್ ಮಾಡಿ ಕಳುಹಿಸಲೇಬೇಡಿ. ಕುಗ್ಗಿಸಿದ ಆ ಧ್ವನಿಯಲ್ಲಿ ಮಿಡಿತಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಕಡತವನ್ನು ದಾಖಲೆಯಾಗಿ ಲಗತ್ತಿಸಿ ಕಳುಹಿಸಿ.

ಗದ್ದೆಯಲ್ಲಿ ಕೆಲಸದ ಕ್ರಮ ಹೀಗಿರಲಿ. ನೀವು ಹತ್ತಿರ ಬಂದೊಡನೆ ಕಪ್ಪೆಗಳು ಸುಮ್ಮನಾಗುತ್ತವೆ. ಟಾರ್ಚ್ ಆರಿಸಿ ಅಲುಗಾಡದೆ ಕುಳಿತರೆ ಕೆಲವು ನಿಮಿಷಗಳಲ್ಲಿ ಒಂದು ಶುರುಮಾಡುತ್ತದೆ, ಮಿಕ್ಕವು ಸೇರಿಕೊಳ್ಳುತ್ತವೆ. ಗುಂಪಿನಿಂದ ಸ್ವಲ್ಪ ದೂರ ಕೂತು ಕೂಗುವ ಒಂದು ಗಂಡನ್ನು ಆರಿಸಿಕೊಳ್ಳಿ. ಮಂದ ಬೆಳಕಿನಲ್ಲಿ ಅದರ ಗಂಟಲ ಚೀಲ ಉಬ್ಬುವುದಕ್ಕೂ ನೀವು ಕೇಳುವ ಕೂಗಿಗೂ ತಾಳೆಯಾಗುತ್ತದೆಯೇ ಎಂದು ಕಣ್ಣಾರೆ ನೋಡಿ. ಇದನ್ನು ಬಿಟ್ಟರೆ ಉಳಿದೆಲ್ಲ ಶ್ರಮ ನೀರಿಗೆ ಹೋದಂತೆ: ಕಾಣುವ ಕಪ್ಪೆ ಒಂದು, ಪಕ್ಕದ ಹುಲ್ಲಿನ ಮರೆಯಲ್ಲಿ ಕೂಗುವುದು ಇನ್ನೊಂದು ಆಗಿ, ಆ ಫೋಟೊಗೆ ಈ ಕೂಗು ಅಂಟಿಕೊಂಡು ತಪ್ಪು ಹೆಸರು ಊರೂರು ಸುತ್ತುತ್ತದೆ. ಮೊಬೈಲನ್ನು ಅರ್ಧದಿಂದ ಒಂದು ಮೀಟರ್ ದೂರದಲ್ಲಿ ಹಿಡಿದು ಎರಡು ಮೂರು ನಿಮಿಷ ಎಡೆಬಿಡದೆ ರೆಕಾರ್ಡ್ ಮಾಡಿ. ಅಲೆಯ ತಲೆಗಳು ಪರದೆಯಲ್ಲಿ ಚಪ್ಪಟೆಯಾಗಿ ಕತ್ತರಿಸಿದಂತೆ ಕಂಡರೆ ತುಸು ಹಿಂದೆ ಸರಿಯಿರಿ. ಕೊನೆಗೆ ಅದೇ ರೆಕಾರ್ಡಿಂಗ್‌ನಲ್ಲಿ ಸ್ಥಳ, ದಿನಾಂಕ, ವೇಳೆ ಮತ್ತು ಉಷ್ಣತೆಯನ್ನು ಬಾಯಲ್ಲಿ ಹೇಳಿಬಿಡಿ. ಚೀಟಿ ಕಳೆಯಬಹುದು, ಧ್ವನಿಯೊಳಗೆ ಇರುವ ಮಾತು ಕಳೆಯುವುದಿಲ್ಲ. ಕಪ್ಪೆ ನೀರಿನಲ್ಲಿ ಅರ್ಧ ಮುಳುಗಿ ಕೂಗುತ್ತಿದ್ದರೆ ಥರ್ಮಾಮೀಟರನ್ನು ಆ ನೀರಿಗೆ ಇಡಿ, ಅಂಚಿನ ಹುಲ್ಲಿನಲ್ಲಿದ್ದರೆ ಹುಲ್ಲಿನ ಬುಡದ ಗಾಳಿಗೆ.

ಆಮೇಲೆ ಫೋಟೊ. ಕ್ರಮ ಹಿಂದುಮುಂದಾದರೆ ಕೂಗು ಸಿಗುವುದಿಲ್ಲ, ಫ್ಲಾಶ್ ಬಿದ್ದ ಗಂಡು ಬಹಳ ಹೊತ್ತು ಬಾಯಿ ಬಿಡದೆ ಇರಬಹುದು. ಮೇಲಿನಿಂದ, ಪಕ್ಕದಿಂದ, ಹಿಂಗಾಲಿನ ಪೊರೆ ಬಿಡಿಸಿದಾಗ, ಪಾದದ ಅಡಿ, ಹೊಟ್ಟೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ. ಹಿಡಿಯಲೇಬೇಕಾದರೆ ಕೈ ಒದ್ದೆಯಾಗಿರಲಿ, ಸೊಳ್ಳೆಗೆ ಹಚ್ಚುವ ಮುಲಾಮಾಗಲಿ ಸ್ಯಾನಿಟೈಸರ್ ಆಗಲಿ ಕೈಯಲ್ಲಿರಬಾರದು, ಕಪ್ಪೆ ಚರ್ಮದಿಂದಲೇ ಎಲ್ಲವನ್ನೂ ಹೀರುತ್ತದೆ. ಹಿಡಿದ ಅಂಚಿನಲ್ಲೇ ಬಿಡಿ.

ಮನೆಗೆ ಬಂದು ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು ಒಂದು ಸೆಕೆಂಡು ಪರದೆಯ ತುಂಬ ಬರುವಷ್ಟು ಹಿಗ್ಗಿಸಿದರೆ ಮಿಡಿತಗಳನ್ನು ನೀವೇ ಎಣಿಸಬಹುದು. ಎಣಿಸುವಾಗ ಎಡವುವ ಜಾಗಗಳು ಮೂರಿವೆ. ಎಲೆಯ ಮೇಲೆ ಬೀಳುವ ಮಳೆಹನಿಯೂ ಪರದೆಯಲ್ಲಿ ಮಿಡಿತದಂತೆಯೇ ಕಾಣುತ್ತದೆ, ಆದರೆ ಅದರ ಅಂತರದಲ್ಲಿ ಲಯವಿಲ್ಲ. ಎರಡನೆಯದು ಹೆಚ್ಚು ಅಪಾಯದ್ದು: ಅಕ್ಕಪಕ್ಕದ ಎರಡು ಗಂಡುಗಳು ಒಟ್ಟಿಗೆ ಕೂಗಿದರೆ ಒಂದರ ಮಿಡಿತಗಳ ನಡುವೆ ಇನ್ನೊಂದರ ಮಿಡಿತಗಳು ಸೇರಿಕೊಂಡು ವೇಗ ಎರಡರಷ್ಟಾಗಿ ಕಾಣುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡು ವರ್ಸಿಕಲರ್‌ಗಳು ಸೇರಿ ಒಂದು ಕ್ರೈಸೋಸೆಲಿಸ್ ಆಗಿಬಿಟ್ಟಂತೆ. ಇದನ್ನು ಕಂಡುಹಿಡಿಯಲು ಕೂಗಿನ ಮೊದಲನ್ನೂ ಕೊನೆಯನ್ನೂ ನೋಡಿ. ಎರಡೂ ಒಂದೇ ಕ್ಷಣಕ್ಕೆ ಶುರುವಾಗಿ ಒಂದೇ ಕ್ಷಣಕ್ಕೆ ಮುಗಿಯುವುದು ಅಪರೂಪ, ಆದ್ದರಿಂದ ತುದಿಗಳಲ್ಲಿ ಮಿಡಿತ ವಿರಳವಾಗಿ, ನಡುವೆ ಮಾತ್ರ ದಟ್ಟವಾಗಿರುತ್ತದೆ. ಮಿಡಿತಗಳ ಎತ್ತರವೂ ಒಂದು ಬಿಟ್ಟು ಒಂದು ದೊಡ್ಡದು, ಚಿಕ್ಕದು ಎಂಬಂತೆ ಇರುತ್ತದೆ. ಮೂರನೆಯದು, ಗಂಡು ಕೂಗುವುದೆಲ್ಲ ಕರೆಯುವ ಕೂಗಲ್ಲ. ಇನ್ನೊಂದು ಗಂಡು ತೀರ ಹತ್ತಿರ ಬಂದಾಗ ಹೊರಡಿಸುವ ಬೆದರಿಕೆಯ ಕೂಗಿನ ರಚನೆಯೇ ಬೇರೆ. ಬೂದು ಮರಗಪ್ಪೆಗಳಲ್ಲಿ ಅದಕ್ಕೆ ಬಿಡಿ ಮಿಡಿತಗಳೇ ಸರಿಯಾಗಿ ಇರುವುದಿಲ್ಲ. ಆದ್ದರಿಂದಲೇ ಎರಡು ಮೂರು ನಿಮಿಷ ರೆಕಾರ್ಡ್ ಮಾಡಿ ಎಂದದ್ದು: ಮತ್ತೆ ಮತ್ತೆ, ಒಂದೇ ರೀತಿ ಬರುವ ಕೂಗನ್ನು ಮಾತ್ರ ಅಳೆಯಿರಿ, ಹತ್ತು ಕೂಗುಗಳನ್ನಾದರೂ ಅಳೆದು ಸರಾಸರಿ ತೆಗೆಯಿರಿ.

ಕೂಗಿಗೂ ಮಿತಿಯಿದೆ. ಹೆಣ್ಣು ಮತ್ತು ಮರಿಗಳು ಗಂಡಿನಂತೆ ಕರೆಯುವುದಿಲ್ಲ. ದೂರದೂರದ ಬೆಟ್ಟಗಳಲ್ಲಿ ಇದ್ದು ಎಂದೂ ಒಂದನ್ನೊಂದು ಸಂಧಿಸದ ಎರಡು ಪ್ರಭೇದಗಳ ಕೂಗು ಹೋಲುತ್ತಿದ್ದರೂ ಆಶ್ಚರ್ಯವಿಲ್ಲ, ಬೇರೆಯಾಗಬೇಕಾದ ಒತ್ತಡವೇ ಅವಕ್ಕಿಲ್ಲ. ಅಲ್ಲಿ ಸ್ಥಳದ ವಿವರವೂ ಕೊನೆಗೆ ಡಿಎನ್ಎಯೂ ಬೇಕಾಗುತ್ತವೆ. ಆದರೆ ‘ಒಂದೇ ಗದ್ದೆಯಲ್ಲಿ ಒಟ್ಟಿಗೆ ಇರುವ ಇವು ಒಂದೇ ಪ್ರಭೇದವೋ ಎರಡೋ’ ಎಂಬ ನಿಮ್ಮ ಪ್ರಶ್ನೆಗೆ ಮಾತ್ರ ಕೂಗಿಗಿಂತ ಸುಲಭದ ಸಾಕ್ಷಿ ಇನ್ನೊಂದಿಲ್ಲ. ಪಟ್ಟೆಯಿರುವ ಗಂಡಿನ ಕೂಗನ್ನೂ ಪಟ್ಟೆಯಿಲ್ಲದ ಗಂಡಿನ ಕೂಗನ್ನೂ ಒಂದೇ ರಾತ್ರಿ, ಒಂದೇ ಉಷ್ಣತೆಯಲ್ಲಿ ತೆಗೆಯಿರಿ. ಮಿಡಿತಗಳ ಜೋಡಣೆ ಒಂದೇ ಆಗಿದ್ದರೆ ಪಟ್ಟೆಯನ್ನು ಮರೆತುಬಿಡಬಹುದು. ಬೇರೆಯಾಗಿದ್ದರೆ ನಿಮ್ಮಲ್ಲಿ ಎರಡು ಪ್ರಭೇದಗಳಿವೆ, ಆಗ ಎರಡರ ಅಳತೆಗಳನ್ನೂ 2007ರ ವಿವರಣೆಗಳ ಜೊತೆ ಇಟ್ಟು ಹೋಲಿಸಬಹುದು.

ನೀವು ಕಳುಹಿಸಿದ ಕೊನೆಯ ಚಿತ್ರದ ಕಪ್ಪೆ ಮಾತ್ರ ಈ ದಾರಿಯಲ್ಲಿ ಸಿಗುವುದಿಲ್ಲ. ಅದು ಮಿಕ್ಕವುಗಳಿಗಿಂತ ದಪ್ಪ, ಹೊಟ್ಟೆ ತುಂಬಿದೆ, ಈ ಗುಂಪಿನ ಗಂಡುಗಳ ಗಂಟಲಿನಲ್ಲಿ ಕಾಣುವ ಕಪ್ಪು ಛಾಯೆ ಅದಕ್ಕಿಲ್ಲ. ಮೊಟ್ಟೆ ಹೊತ್ತ ಹೆಣ್ಣು ಎಂದೇ ನನ್ನ ಎಣಿಕೆ. ಅದು ಯಾವುದಾದರೂ ಗಂಡಿನೊಡನೆ ಜೋಡಿಯಾದದ್ದು ಕಂಡರೆ, ಆ ಗಂಡು ಜೋಡಿಯಾಗುವ ಮೊದಲು ಕೂಗಿದ್ದು ನಿಮ್ಮಲ್ಲಿ ದಾಖಲಾಗಿದ್ದರೆ, ಅಷ್ಟರಮಟ್ಟಿಗೆ ಒಂದು ಸುಳಿವು. ಅಲ್ಲಿಯವರೆಗೆ ಅದರ ಚೀಟಿಯ ಮೇಲೆ ‘ಮಿನರ್ವಾರ್ಯ, ಪ್ರಭೇದ ತಿಳಿಯದು’ ಎಂದೇ ಬರೆದಿಡಿ.